‘ಹ’ದ ಹಿಂದೆ ‘ಪ’ ಇತ್ತೇ? ಒಂದು ಪದವನ್ನು ಹಂತ ಹಂತವಾಗಿ ಪರೀಕ್ಷಿಸುವ ಬಗೆ

ಹಳಗನ್ನಡದ ‘ಪಾಲ್’ ಇವತ್ತು ಹಾಲು, ‘ಪುಲಿ’ ಹುಲಿ, ‘ಪೂ’ ಹೂವು. ಇಷ್ಟು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಆಮೇಲೆ. ಇದನ್ನು ಕಲಿತವರು ಎದುರಿಗೆ ಸಿಕ್ಕ ‘ಹ’ವನ್ನೆಲ್ಲ ‘ಪ’ ಮಾಡಿ ಓದತೊಡಗುತ್ತಾರೆ. ಹಕ್ಕು ಹಿಂದೆ ‘ಪಕ್ಕು’ ಆಗಿತ್ತು, ಹೌದು ಹಿಂದೆ ‘ಪೌದು’ ಆಗಿತ್ತು ಅಂತ ಧೈರ್ಯವಾಗಿ ಬರೆದು ಕಳಿಸುತ್ತಾರೆ. ಎರಡೂ ತಪ್ಪು. ಇನ್ನು ಕೆಲವರು ಪಾಲು, ಪಾಡು ಇವತ್ತೂ ‘ಪ’ದಲ್ಲೇ ಇರುವುದನ್ನು ನೋಡಿ ನಿಯಮವೇ ಸುಳ್ಳು ಅನ್ನುತ್ತಾರೆ. ಎರಡೂ ಕಡೆಯವರು ಎಡವುವುದು ಒಂದೇ ಜಾಗದಲ್ಲಿ. ಹಂತಗಳನ್ನು ಹಿಂದೆ ಮುಂದೆ ಮಾಡುತ್ತಾರೆ, ಇಲ್ಲವೇ ಒಂದನ್ನು ಹಾರಿಬಿಡುತ್ತಾರೆ. ಹಾಗಾಗಿ ಕೆಳಗಿನ ಕ್ರಮವನ್ನು ಬದಲಿಸಬೇಡಿ.

## ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್. ಹಳಗನ್ನಡ ರೂಪಗಳನ್ನೂ ಕೊಡುವ ಒಂದು ಕನ್ನಡ ನಿಘಂಟು: ಕಿಟೆಲ್ ಅವರ 1894ರ ನಿಘಂಟು ಆಗಬಹುದು, ಕನ್ನಡ ಸಾಹಿತ್ಯ ಪರಿಷತ್ತಿನದೂ ಆಗಬಹುದು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನ 1984ರ ಆವೃತ್ತಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿ ತಮಿಳು, ತೆಲುಗು, ತುಳು, ಕನ್ನಡದ ರೂಪಗಳು ಒಂದೇ ಕಡೆ ಇರುತ್ತವೆ. ಜೊತೆಗೆ ತೆಲುಗೋ ತಮಿಳೋ ಮನೆಮಾತಾಗಿರುವ ಒಬ್ಬ ಗೆಳೆಯ. ವಿಜಯಪುರದವರಿಗೆ ಇದು ಕಷ್ಟ ಅಲ್ಲ, ಸೊಲ್ಲಾಪುರದಲ್ಲಿ ತೆಲುಗು ಮಾತಾಡುವ ನೇಕಾರ ಮನೆತನಗಳು ಬೇಕಾದಷ್ಟಿವೆ. ಬೆಳಗಾವಿಯವರಿಗೆ ಪಕ್ಕದ ಮನೆಯ ಮರಾಠಿ ಇದೆ. ಆದರೆ ಅದನ್ನು ಬಳಸುವ ರೀತಿಯೇ ಬೇರೆ, ಎರಡನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ‘ಹ’ ಎಲ್ಲಿದೆ ಅಂತ ಮೊದಲು ನೋಡಿ

ಈ ಬದಲಾವಣೆ ಪದದ ಮೊದಲ ಅಕ್ಷರಕ್ಕೆ ಸಂಬಂಧಪಟ್ಟದ್ದು. ಒಂಟಿ ‘ಪ’, ಪದದ ಶುರುವಿನಲ್ಲಿ, ಹಿಂದೆ ಏನೂ ಇಲ್ಲದೆ ನಿಂತಾಗ ‘ಹ’ ಆಯಿತು. ನಡುವಿನ ‘ಪ್ಪ’ ಮತ್ತು ‘ಂಪ’ ಸಾಮಾನ್ಯವಾಗಿ ಹಾಗೇ ಉಳಿದವು. ಅಪ್ಪ, ಉಪ್ಪು, ತುಪ್ಪ, ಕೆಂಪು, ಇಂಪು.

ಇದನ್ನು ಒಂದೇ ಪದದಲ್ಲಿ ನೋಡಬೇಕೆಂದರೆ ಹಪ್ಪಳ ತಗೊಳ್ಳಿ. ಸಂಸ್ಕೃತದ ಪರ್ಪಟದಿಂದ ಬಂದ ಪದ, ಮರಾಠಿಯಲ್ಲಿ ಪಾಪಡ. ನಮ್ಮಲ್ಲಿ ಮೊದಲ ‘ಪ’ ಹೋಗಿ ‘ಹ’ ಬಂತು, ನಡುವಿನ ‘ಪ್ಪ’ ಅಲುಗಾಡಲಿಲ್ಲ. ಹಂಪೆಯೂ ಹಾಗೇ. ಪಂಪೆಯ ಮೊದಲ ‘ಪ’ ಬದಲಾಯಿತು, ಅನುಸ್ವಾರದ ಪಕ್ಕದ್ದು ಉಳಿಯಿತು.

ಕಾರಣ ತುಟಿಯಲ್ಲಿದೆ. ಒಮ್ಮೆ ‘ಪ’ ಅಂತ ನಿಧಾನವಾಗಿ ಹೇಳಿ, ತುಟಿ ಪೂರ್ತಿ ಮುಚ್ಚಿ ಬಿಚ್ಚುತ್ತದೆ. ಈಗ ತುಟಿಯನ್ನು ಪೂರ್ತಿ ಮುಚ್ಚದೆ, ಸಣ್ಣ ಸಂದು ಬಿಟ್ಟು ಅದನ್ನೇ ಹೇಳಿ. ದೀಪ ಆರಿಸಲು ಊದಿದಂಥ ಸದ್ದು ಬರುತ್ತದೆ. ಇನ್ನೂ ಸೋಮಾರಿಯಾಗಿ, ತುಟಿಯನ್ನು ಬಳಸದೆಯೇ ಹೇಳಿದರೆ ಬರೀ ಉಸಿರು ಉಳಿಯುತ್ತದೆ, ಅದೇ ‘ಹ’. ಅಂದರೆ ‘ಪ’ ಒಂದೇ ಜಿಗಿತಕ್ಕೆ ‘ಹ’ ಆಗಿರಲಾರದು, ನಡುವೆ ಆ ಊದುವ ಸದ್ದು ಇದ್ದಿರಬೇಕು. ಆ ಸದ್ದಿಗೆ ನಮ್ಮ ಲಿಪಿಯಲ್ಲಿ ಬೇರೆ ಅಕ್ಷರ ಇರಲಿಲ್ಲ, ಹಾಗಾಗಿ ಕಲ್ಲಿನ ಮೇಲೆ ಅದು ಕಾಣುವುದಿಲ್ಲ. ‘ಪ್ಪ’ ಹೇಳುವಾಗ ತುಟಿ ಜಾಸ್ತಿ ಹೊತ್ತು ಬಿಗಿಯಾಗಿ ಮುಚ್ಚಿರುತ್ತದೆ. ‘ಂಪ’ ಹೇಳುವಾಗ ‘ಮ್’ ಮೊದಲೇ ತುಟಿ ಮುಚ್ಚಿರುತ್ತದೆ. ಅಲ್ಲಿ ಸಡಿಲವಾಗಲು ಜಾಗವೇ ಇಲ್ಲ.

ಜಪಾನಿ ಭಾಷೆಯಲ್ಲೂ ಇದೇ ನಡೆದಿದೆ. ಹಳೆಯ ‘ಪ’ ಊದುವ ಸದ್ದಾಗಿ ಆಮೇಲೆ ‘ಹ’ ಆಯಿತು, ಒತ್ತಿನ ‘ಪ್ಪ’ ಮಾತ್ರ ಉಳಿಯಿತು. ಆ ದೇಶದ ಹೆಸರನ್ನು ಅವರೇ ನಿಹೊನ್ ಅಂತಲೂ ಹೇಳುತ್ತಾರೆ, ನಿಪ್ಪೊನ್ ಅಂತಲೂ ಹೇಳುತ್ತಾರೆ. ಕನ್ನಡಕ್ಕೂ ಜಪಾನಿಗೂ ನಂಟಿಲ್ಲ, ತುಟಿ ಎಲ್ಲರದೂ ಒಂದೇ.

ಎಚ್ಚರಿಕೆ: ಈಗ ಶುರುವಿನಲ್ಲಿ ಕಾಣುವ ‘ಹ’ ಹಿಂದೆಯೂ ಶುರುವಿನಲ್ಲೇ ಇತ್ತು ಅಂತ ಅಂದುಕೊಳ್ಳಬೇಡಿ. ನಾವು ದಿನಕ್ಕೆ ನೂರು ಸಲ ಅನ್ನುವ ‘ಹೌದ್ರಿ’ ತಗೊಳ್ಳಿ. ಅದರ ಹಳೆಯ ರೂಪ ಅಪ್ಪುದು. ಅದು ಅಹುದು ಆಗಿ, ಮೊದಲಿನ ‘ಅ’ ಕರಗಿ ಹೌದು ಆಯಿತು. ‘ಪೌದು’ ಯಾವ ಕಾಲದಲ್ಲೂ ಇರಲಿಲ್ಲ. ‘ಪ್ಪ’ ಉಳಿಯುತ್ತದೆ ಅಂದಿರಿ, ಇಲ್ಲಿ ಹೇಗೆ ಹೋಯಿತು ಅಂತ ಕೇಳುತ್ತೀರಿ ಅಲ್ವಾ? ಕ್ರಿಯಾಪದದ ಪ್ರತ್ಯಯವಾಗಿ ಬಂದ ಪ/ಪ್ಪ ಬೇರೆ ದಾರಿ ಹಿಡಿಯಿತು. ಬರ್ಪುದು ಬಪ್ಪುದು ಆಗಿ, ಬಹುದು ಆಯಿತು. ‘ಮಾಡಬಹುದು’ ಅನ್ನುವಾಗ ಬರುವುದು ಅದೇ. ಇಂಥವನ್ನು ನೋಟ್‌ಬುಕ್ಕಿನಲ್ಲಿ ಬೇರೆ ಪುಟಕ್ಕೆ ಹಾಕಿ. ಶುರುವಿನ ‘ಪ’ದ ಲೆಕ್ಕಕ್ಕೆ ಸೇರಿಸಬೇಡಿ.

## ಹಂತ 2: ಪದ ಯಾವಾಗ ಕನ್ನಡಕ್ಕೆ ಬಂತು?

ಹೆಚ್ಚಿನವರು ಹಾರಿಸಿಬಿಡುವ ಹಂತ ಇದೇ. ಪದವನ್ನು ಮೂರು ಗುಂಪಿಗೆ ಹಾಕಬೇಕು. ಕನ್ನಡದ ಸ್ವಂತ ಪದ, ಬದಲಾವಣೆ ನಡೆಯುವ ಮೊದಲೇ ಬಂದು ನೆಲೆಸಿದ ಪದ, ಬದಲಾವಣೆ ಮುಗಿದ ಮೇಲೆ ಬಂದ ಪದ. ಮೊದಲ ಎರಡು ಗುಂಪಿನ ‘ಪ’ ‘ಹ’ ಆಗುತ್ತದೆ. ಮೂರನೆಯದು ಆಗುವುದಿಲ್ಲ. ಬಾಯಿಗೆ ಪದದ ಮೂಲ ಯಾವುದು ಅಂತ ಗೊತ್ತಿರುವುದಿಲ್ಲ, ಆ ಹೊತ್ತಿಗೆ ಆಡುಮಾತಿನಲ್ಲಿ ಇದ್ದದ್ದೆಲ್ಲ ಒಟ್ಟಿಗೆ ಬದಲಾಗುತ್ತದೆ.

ಸಂಸ್ಕೃತ, ಪ್ರಾಕೃತಗಳಿಂದ ಬೇಗನೆ ಬಂದವು ಇದಕ್ಕೆ ಸಾಕ್ಷಿ. ಪರ್ವ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು, ಪೂರ್ಣಿಮೆ ಹುಣ್ಣಿಮೆಯಾಯಿತು, ಪಣ ಹಣವಾಯಿತು. ಬೆಳಗಾವಿಯ ಅಡುಗೆಮನೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಬ್ಬದ ದಿನ ಮರಾಠಿ ಮನೆಯಲ್ಲಿ ಮಾಡುವುದು ಪುರಣ ಪೋಳಿ, ಕನ್ನಡದ ಮನೆಯಲ್ಲಿ ಮಾಡುವುದು ಹೂರಣದ ಹೋಳಿಗೆ. ಒಂದೇ ಕಡಲೆಬೇಳೆ, ಒಂದೇ ಬೆಲ್ಲ. ಎರಡೂ ಪದಗಳ ಮೊದಲ ಅಕ್ಷರ ಮಾತ್ರ ಬೇರೆ, ಅದೂ ಒಂದೇ ರೀತಿಯಲ್ಲಿ ಬೇರೆ. ಪೂರಣ, ಪೋಳಿಗೆ ಎರಡೂ ಬದಲಾವಣೆಯ ಮೊದಲೇ ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿದ್ದವು ಅಂತ ಇದರಿಂದ ಗೊತ್ತಾಗುತ್ತದೆ.

ಈಗ ಅದೇ ಮನೆಯಲ್ಲಿ ತಿಂಗಳ ಮೊದಲ ದಿನ ಕೇಳುವ ಪ್ರಶ್ನೆ ತಗೊಳ್ಳಿ: “ಪಗಾರ ಆತೇನ್ರಿ?” ಪಗಾರ ಪೋರ್ಚುಗೀಸ್ ಪದ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆ ಹಿಡಿದದ್ದು 1510ರಲ್ಲಿ. ಅಂದರೆ ಈ ಪದ ನಮ್ಮ ಕಿವಿಗೆ ಬಿದ್ದದ್ದು ಅದಾದ ಮೇಲೆ. ಅದು ‘ಹಗಾರ’ ಆಗಲಿಲ್ಲ. ಗೋವೆಯಿಂದಲೇ ಬಂದ ಪಾವ್ ಕೂಡ ‘ಹಾವ್’ ಆಗಲಿಲ್ಲ. ಹಾಗಾದರೆ 16ನೇ ಶತಮಾನದ ಹೊತ್ತಿಗೆ ಈ ಬದಲಾವಣೆಯ ಕೆಲಸ ಮುಗಿದಿತ್ತು. ಮರಾಠಿಯ ದಾರಿಯಲ್ಲಿ ಬಂದ ಪಾಟೀಲ, ಪಗಡಿ ಕೂಡ ಇದೇ ಗುಂಪಿಗೆ.

ಮರಾಠಿಯನ್ನು ಬಳಸುವ ರೀತಿ ಬೇರೆ ಅಂದದ್ದು ಇದಕ್ಕೇ. ಮರಾಠಿ ಕನ್ನಡದ ಒಡಹುಟ್ಟಿದ ಭಾಷೆ ಅಲ್ಲ. ಮರಾಠಿಯಲ್ಲಿ ‘ಪ’ ಇದೆ ಅನ್ನುವುದು ಕನ್ನಡದ ಸ್ವಂತ ಪದಕ್ಕೆ ಪುರಾವೆ ಆಗುವುದಿಲ್ಲ. ಎರಡೂ ಭಾಷೆ ಹಂಚಿಕೊಂಡ ಪದ ಯಾವಾಗ ಬಂತು ಅಂತ ಅಂದಾಜು ಮಾಡಲು ಅದು ಬೇಕು.

ಇನ್ನು ಹುಟ್ಟಿನಿಂದಲೇ ‘ಹ’ ಇದ್ದ ಪದಗಳು. ಹಸ್ತ, ಹಿಮ ಸಂಸ್ಕೃತದವು. ಹುಕುಂ, ಹಾಜರು, ಹಕ್ಕು ಅರಬ್ಬಿಯಿಂದ ಬಂದವು. ಹಕ್ಕಿ ಮತ್ತು ಹಕ್ಕು ಪಕ್ಕಪಕ್ಕದಲ್ಲಿ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಹಕ್ಕಿಯ ‘ಹ’ ‘ಪ’ದಿಂದ ಬಂದದ್ದು, ಹಕ್ಕಿನ ‘ಹ’ ಅರಬ್ಬಿಯದೇ. ನೋಡಿ ಹೇಳಲು ಆಗುವುದಿಲ್ಲ, ನಿಘಂಟು ತೆರೆಯಲೇಬೇಕು.

## ಹಂತ 3: ಒಡಹುಟ್ಟಿದ ಭಾಷೆಗಳನ್ನು ಕೇಳಿ

ಸ್ವಂತ ಪದ ಅಂತ ಅನ್ನಿಸಿದರೆ ತಮಿಳು, ತೆಲುಗು, ತುಳುವಿನಲ್ಲಿ ಅದೇ ಪದ ಹುಡುಕಿ. ಈ ಮೂರೂ ‘ಪ’ವನ್ನು ಬಿಟ್ಟುಕೊಡಲಿಲ್ಲ. ಹಾಲಿಗೆ ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು, ತುಳುವಿನಲ್ಲಿ ಪೇರ್. ಹುಲಿಗೆ ತಮಿಳು, ತೆಲುಗಿನಲ್ಲಿ ಪುಲಿ, ತುಳುವಿನಲ್ಲಿ ಪಿಲಿ.

ಕನಿಷ್ಠ ಎರಡು ಭಾಷೆಯಲ್ಲಿ ‘ಪ’ ಸಿಗಬೇಕು. ಅರ್ಥ ಹೊಂದಬೇಕು, ಪದದ ಉಳಿದ ಭಾಗವೂ ಹೊಂದಬೇಕು. ಒಂದೇ ಭಾಷೆಯಲ್ಲಿ ಸಿಕ್ಕರೆ ಅದು ಎರವಲೂ ಆಗಿರಬಹುದು. ಮೊದಲ ಅಕ್ಷರ ಒಂದು ಹೊಂದಿದ ಮಾತ್ರಕ್ಕೆ ನಂಟು ಕಟ್ಟುವುದು ಇಲ್ಲಿ ಕಾಣುವ ದೊಡ್ಡ ತಪ್ಪು.

## ಹಂತ 4: ಕಲ್ಲು ಮತ್ತು ಊರಿನ ಹೆಸರು

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಯವರಿಗೆ ಈ ಹಂತ ಸುಲಭ, ಕಲ್ಲುಗಳು ಮನೆ ಬಾಗಿಲಲ್ಲೇ ಇವೆ. ಬಾದಾಮಿಯ ತಟ್ಟುಕೋಟಿಯ ಬಂಡೆಯ ಮೇಲೆ ಇರುವ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದು. ಅದರಲ್ಲಿ “ಮಾಧವನೀತನ್ ಪೆರನಲ್ಲ” ಅನ್ನುವ ಮಾತು ಬರುತ್ತದೆ. ಈತ ಮಾಧವನೇ, ಬೇರೆಯವನಲ್ಲ ಅಂತ. ಆ ‘ಪೆರ’ ಮುಂದೆ ‘ಹೆರ’ ಆಯಿತು. 7ನೇ, 8ನೇ ಶತಮಾನದಲ್ಲಿ ಬಾದಾಮಿ ಕಡೆ ‘ಪ’ ಗಟ್ಟಿಯಾಗಿಯೇ ಇತ್ತು ಅನ್ನಲು ಇಂಥ ಸಾಲು ಬೇಕು.

ಊರಿನ ಹೆಸರುಗಳೂ ಸಹಾಯ ಮಾಡುತ್ತವೆ. ಖಾನಾಪುರ ತಾಲೂಕಿನ ಹಲಸಿ 5ನೇ ಶತಮಾನದ ಕದಂಬರ ತಾಮ್ರಪಟಗಳಲ್ಲಿ ಪಲಾಶಿಕಾ, ಮುಂದೆ ಪಲಸಿಗೆ. ಸವದತ್ತಿ ಹತ್ತಿರದ ಹೂಲಿ ಶಾಸನಗಳಲ್ಲಿ ಪೂಲಿ. ಹಲಸಿಯ ವಿಷಯದಲ್ಲಿ ಸ್ವಲ್ಪ ಹುಷಾರು. ತಾಮ್ರಪಟಗಳ ಭಾಷೆ ಸಂಸ್ಕೃತ, ಬರೆದವರು ಊರಿನ ಹೆಸರನ್ನು ಸಂಸ್ಕೃತದ ಪಲಾಶಕ್ಕೆ ಹೊಂದಿಸಿರಬಹುದು. ಕನ್ನಡ ಶಾಸನದ ಪಲಸಿಗೆಯೂ ಜೊತೆಗೆ ಇರುವುದರಿಂದ ಮಾತ್ರ ನಾವು ಅದನ್ನು ಒಪ್ಪಬಹುದು.

‘ಹ’ ರೂಪಗಳು ಶಾಸನಗಳಲ್ಲಿ ಇಣುಕುವುದು ಸುಮಾರು 10ನೇ ಶತಮಾನದಿಂದ. ಆಮೇಲಿನ ಮೂರ್ನಾಲ್ಕು ಶತಮಾನ ‘ಪ’ ಮತ್ತು ‘ಹ’ ಎರಡೂ ಒಟ್ಟಿಗೆ ಸಿಗುತ್ತವೆ, ಕೆಲವೊಮ್ಮೆ ಒಂದೇ ಕಲ್ಲಿನ ಮೇಲೆ. ಇಲ್ಲಿ ಒಂದು ಲೆಕ್ಕ ನೆನಪಿಡಿ. ‘ಪ’ ಕಂಡರೆ ಆಗ ಹಾಗೇ ಮಾತಾಡುತ್ತಿದ್ದರು ಅಂತ ಅರ್ಥ ಅಲ್ಲ. ಓದಿದವರು ಹಳೆಯ ಕಾಗುಣಿತವನ್ನು ಬಿಡುವುದಿಲ್ಲ, ಕವಿಗಳಂತೂ ಬಾಯಲ್ಲಿ ‘ಹ’ ಬಂದು ಎಷ್ಟೋ ಕಾಲವಾದ ಮೇಲೂ ‘ಪ’ ಬರೆದರು. ಆದರೆ ‘ಹ’ ಒಂದು ಸಲ ಕಂಡರೂ ಅದು ಬಾಯಿಂದಲೇ ಬಂದದ್ದು, ಆ ಹೊತ್ತಿಗೆ ಬದಲಾವಣೆ ಶುರುವಾಗಿತ್ತು ಅಂತ ಧೈರ್ಯವಾಗಿ ಹೇಳಬಹುದು. ಹಾಗಾಗಿ ಕಲ್ಲು ಕೆತ್ತುವವನು ಕೈತಪ್ಪಿ ಬರೆದ ಒಂದು ‘ಹ’, ಪಂಡಿತ ಶುದ್ಧವಾಗಿ ಬರೆದ ಹತ್ತು ‘ಪ’ಗಳಿಗಿಂತ ನಮಗೆ ಜಾಸ್ತಿ ಬೆಲೆಯದ್ದು.

ವಚನಗಳನ್ನು ಈ ಕೆಲಸಕ್ಕೆ ಬಳಸುವವರಿಗೆ ಒಂದು ಮಾತು. ಹುಟ್ಟಿದ್ದು 12ನೇ ಶತಮಾನದಲ್ಲಿ, ನಮಗೆ ಸಿಕ್ಕಿರುವ ತಾಳೆಗರಿಗಳು ಅದಕ್ಕಿಂತ ಎಷ್ಟೋ ಈಚಿನವು. ನಕಲು ಮಾಡಿದವರು ತಮ್ಮ ಕಾಲದ ರೂಪ ಹಾಕಿರಬಹುದು. ಅವುಗಳ ‘ಹ’ವನ್ನು 12ನೇ ಶತಮಾನದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಕಲ್ಲಿನ ಮೇಲಿನದ್ದನ್ನು ಬರೆದುಕೊಳ್ಳಿ, ಕಲ್ಲನ್ನು ಯಾರೂ ತಿದ್ದಿ ನಕಲು ಮಾಡುವುದಿಲ್ಲ.

## ಹಂತ 5: ಪದವನ್ನು ಸಮಾಸದೊಳಗೆ ಹುಡುಕಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ನಿಘಂಟು ಇಲ್ಲದೆಯೂ ಮಾಡಬಹುದು. ಹಿಂದೆ ಬೇರೆ ಪದ ಬಂದು ಅಂಟಿಕೊಂಡರೆ ‘ಪ’ ಪದದ ಶುರುವಿನಲ್ಲಿ ಉಳಿಯುವುದಿಲ್ಲ, ಆಗ ಅದು ‘ಹ’ ಆಗದೆ ತಪ್ಪಿಸಿಕೊಳ್ಳುತ್ತದೆ. ಹತ್ತರ ಮಗ್ಗಿ ಹೇಳಿ ಸಾಕು.

ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು.

ಎಲ್ಲದರ ಕೊನೆಯಲ್ಲೂ ಇರುವುದು ಹಳೆಯ ‘ಪತ್ತು’. ಒಂಟಿಯಾಗಿ ನಿಂತಾಗ ಹತ್ತು. ಹನ್ನೊಂದು, ಹದಿನೈದರಲ್ಲೂ ಅದು ಮುಂದೆಯೇ ನಿಂತಿದೆ, ಅಲ್ಲೂ ‘ಹ’. ಇಪ್ಪತ್ತರಲ್ಲಿ ಹಿಂದೆ ‘ಇರ್’ ಇತ್ತು. ಇರ್ಪತ್ತಿನ ‘ರ್’ ಪಕ್ಕದ ‘ಪ’ದಲ್ಲಿ ಕರಗಿ ‘ಪ್ಪ’ ಆಯಿತು, ಒತ್ತು ಬಿದ್ದದ್ದರಿಂದ ‘ಪ’ ಬದುಕಿತು. ಎೞ್ಪತ್ತು ಎಪ್ಪತ್ತಾದದ್ದೂ ಹಾಗೇ. ಮೂವತ್ತರಲ್ಲಿ ಹಿಂದೆ ‘ಮೂ’ ಅನ್ನುವ ಸ್ವರದ ಕೊನೆ, ಅದರ ಪಕ್ಕದಲ್ಲಿ ‘ಪ’ ಸಡಿಲಾಗಿ ‘ವ’ ಆಯಿತು. ಐವತ್ತು, ಅರವತ್ತು ಅದೇ ದಾರಿ. ನಾಲ್ಕರಲ್ಲಿ ‘ಲ್’ ಪಕ್ಕದಲ್ಲೂ ‘ವ’ ಬಂತು, ನಾಲ್ವತ್ತು ಅಂತ. ಎಂಬತ್ತರಲ್ಲಿ ಹಿಂದೆ ‘ಎಣ್’, ಆ ಅನುನಾಸಿಕದ ಪಕ್ಕದಲ್ಲಿ ‘ಪ’ ‘ಬ’ ಆಯಿತು. ಹೀಗೆ ಒಂದೇ ‘ಪ’ ಮಗ್ಗಿಯೊಳಗೆ ಹ, ಪ್ಪ, ವ, ಬ ಅಂತ ನಾಲ್ಕು ವೇಷದಲ್ಲಿ ಕೂತಿದೆ. ಈ ನಾಲ್ಕಕ್ಕೂ ಹೊಂದುವ ಮೂಲ ‘ಪ’ ಮಾತ್ರ. ‘ಹ’ವೇ ಮೂಲ ಅಂದುಕೊಂಡು ನೋಡಿ, ‘ಇಪ್ಪತ್ತು’ ಎಲ್ಲಿಂದ ಬಂತು ಅಂತ ಹೇಳಲು ಆಗುವುದಿಲ್ಲ.

ಈಗ ‘ನೂರಾ ಹತ್ತು’ ಹೇಳಿ. ಇಲ್ಲೂ ಹಿಂದೆ ಸ್ವರ ಇದೆ, ಆದರೂ ‘ನೂರಾವತ್ತು’ ಆಗಲಿಲ್ಲ. ಏಕೆಂದರೆ ಇಲ್ಲಿ ಎರಡು ಪದಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದೇವೆ, ‘ಪತ್ತು’ ಆಗಲೇ ‘ಹತ್ತು’ ಆದ ಮೇಲೆ. ಮೂವತ್ತು ಹಳೆಯ ಜೋಡಣೆ, ನೂರಾ ಹತ್ತು ಹೊಸದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಇಸವಿ ಗೊತ್ತಿಲ್ಲದಿದ್ದರೂ ಹೇಳಲು ಬರುತ್ತದೆ.

ಬಾಗಲಕೋಟೆಯವರು ಇದನ್ನೇ ಪಟ್ಟದಕಲ್ಲಿನಲ್ಲಿ ನೋಡಬಹುದು. ಅದರ ಹಳೆಯ ಹೆಸರು ಕಿಸುವೊಳಲ್, ಕೆಂಪು ಊರು ಅಂತ. ಊರು ಅನ್ನುವ ಅರ್ಥದ ‘ಪೊಳಲ್’ ಒಂಟಿಯಾಗಿ ನಿಂತ ಕಡೆ ಮುಂದೆ ಹೊಳಲು ಆಯಿತು, ಕಿಸು ಜೊತೆ ಸೇರಿದ್ದು ‘ವೊಳಲ್’ ಆಯಿತು. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಹೇಳುವಾಗ ಕಿಸುವೊಳಲ್ ಮತ್ತು ಪುಲಿಗೆರೆ ಎರಡನ್ನೂ ಹೆಸರಿಸುತ್ತದೆ. ಕಿಸುವೊಳಲಿನ ‘ವ’ ಆಗಲೇ ಬಂದಿದೆ, ಪುಲಿಗೆರೆಯ ‘ಪ’ ಇನ್ನೂ ಹಾಗೇ ಇದೆ. ಅಂದರೆ ಸಮಾಸದೊಳಗಿನ ‘ವ’ ಮೊದಲು ಬಂತು, ಶುರುವಿನ ‘ಹ’ ಆಮೇಲೆ.

## ಹಂತ 6: ಸೋತ ಪದಗಳನ್ನು ಎಸೆಯಬೇಡಿ

ಕೆಲವು ಸ್ವಂತ ಪದಗಳು ಎಲ್ಲ ಪರೀಕ್ಷೆ ದಾಟಿಯೂ ‘ಪ’ದಲ್ಲೇ ಉಳಿದಿರುತ್ತವೆ. ಹಾಲು ಬದಲಾಯಿತು, ಆಸ್ತಿಯ ಪಾಲು ಬದಲಾಗಲಿಲ್ಲ. ಹಾಡು ಬದಲಾಯಿತು, ‘ನನ್ನ ಪಾಡಿಗೆ ನಾನಿದ್ದೆ’ ಅನ್ನುವ ಪಾಡು ಹಾಗೇ ಇದೆ. ಇವುಗಳಿಂದ ನಿಯಮ ಮುರಿಯುವುದಿಲ್ಲ, ಆದರೆ ಇವನ್ನು ಮುಚ್ಚಿಡುವುದೂ ಸರಿಯಲ್ಲ.

‘ಪಡೆ’ ಒಳ್ಳೆಯ ಉದಾಹರಣೆ. ಹಳಗನ್ನಡದಲ್ಲಿ ಪಡೆ ಅಂದರೆ ಗಳಿಸು, ಹೆರು ಎರಡೂ. ಬಾಯಿಮಾತಿನಲ್ಲಿ ಉಳಿದ ಅರ್ಥ ‘ಹ’ಕ್ಕೆ ತಿರುಗಿತು, ಅದಕ್ಕೇ ನಮ್ಮ ಜನಪದ ಹಾಡುಗಳಲ್ಲಿ ತಾಯಿ ‘ಹಡೆದವ್ವ’. ಬರವಣಿಗೆಯಲ್ಲಿ ಉಳಿದ ಅರ್ಥ ‘ಪ’ದಲ್ಲೇ ನಿಂತಿತು, ‘ಪ್ರಶಸ್ತಿ ಪಡೆದರು’ ಅಂತ ಪತ್ರಿಕೆಯಲ್ಲಿ ಓದುತ್ತೇವೆ. ಹಾಗಾಗಿ ‘ಪ’ ಉಳಿದ ಪದ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಜನ ಹೊಲದಲ್ಲಿ, ಮನೆಯಲ್ಲಿ ಬಳಸುತ್ತಾರಾ, ಇಲ್ಲಾ ಓದಿ ಬಂದ ಪದವಾ? ಕಣದಲ್ಲಿ ರಾಶಿ ಮಾಡುವಾಗ ಹಾಡುವ ‘ಹಂತಿ ಪದ’ದಲ್ಲಿ ಎರಡೂ ಒಟ್ಟಿಗಿವೆ. ಎತ್ತುಗಳ ಸಾಲು ಅನ್ನುವ ‘ಹಂತಿ’ ಪಂಕ್ತಿಯಿಂದ ಪಂತಿಯಾಗಿ ಬಾಯಲ್ಲಿ ಉರುಳಿ ಬಂದದ್ದು, ‘ಪದ’ ಸಂಸ್ಕೃತದ ರೂಪದಲ್ಲೇ ಕೂತದ್ದು.

## ಹಂತ 7: ಬದಲಾವಣೆ ಇನ್ನೂ ನಡೆಯುತ್ತಿದೆಯೇ ಅಂತ ನೋಡಿ

ಇದಕ್ಕೆ ಹೊಸ ಪದಗಳನ್ನು ತಗೊಳ್ಳಿ. ಪೆನ್ನು, ಪೊಲೀಸ್, ಪೆಟ್ರೋಲ್ ಯಾರ ಬಾಯಲ್ಲೂ ‘ಹೆನ್ನು’, ‘ಹೊಲೀಸ್’ ಆಗುವುದಿಲ್ಲ. ಫೋನಿನ ಕತೆ ಇನ್ನೂ ಸ್ವಾರಸ್ಯ. ಅದರ ಮೊದಲ ಸದ್ದು ‘ಪ’ಕ್ಕೂ ‘ಹ’ಕ್ಕೂ ನಡುವಿನದು, ಹಿಂದೆ ಇದ್ದಿರಬೇಕಾದ ಆ ಊದುವ ಸದ್ದಿಗೆ ಹತ್ತಿರ. ಆ ಸದ್ದು ರೂಢಿ ಇಲ್ಲದವರು ಅದನ್ನು ‘ಪೋನು’ ಮಾಡುತ್ತಾರೆ, ‘ಹೋನು’ ಮಾಡುವುದಿಲ್ಲ. ಹಿಂದೆ ‘ಪ’ವನ್ನು ‘ಹ’ದ ಕಡೆ ತಳ್ಳಿದ ಸೆಳೆತ ಈಗ ಇಲ್ಲ.

‘ಹ’ದ ಪ್ರಯಾಣ ಮಾತ್ರ ಅಲ್ಲಿಗೆ ನಿಂತಿಲ್ಲ. ಮೈಸೂರು ಕಡೆಯ ಹಳ್ಳಿ ಮಾತಿನಲ್ಲಿ ಹಾಲು ‘ಆಲು’, ಹಳ್ಳಿ ‘ಅಳ್ಳಿ’. ತುಟಿ ಬಿಟ್ಟ ಮೇಲೆ ಉಳಿದಿದ್ದ ಉಸಿರೂ ಅಲ್ಲಿ ಹೋಗಿದೆ. ಅಲ್ಲಿಯವರು ತಿದ್ದಿ ಮಾತಾಡಲು ಹೋಗಿ ಆನೆಯನ್ನು ‘ಹಾನೆ’ ಅನ್ನುವುದೂ ಉಂಟು. ಇಂಥ ‘ಹ’ ನಿಮ್ಮ ಪಟ್ಟಿಗೆ ಸೇರಿದರೆ ‘ಪಾನೆ’ ಹುಡುಕುತ್ತಾ ಕೂರುತ್ತೀರಿ. ನಮ್ಮ ಕಡೆ, ಬೆಳಗಾವಿಯಿಂದ ವಿಜಯಪುರದವರೆಗೆ, ‘ಹ’ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಆಡುಮಾತಿನಿಂದ ಪದ ಸಂಗ್ರಹಿಸುವುದಿದ್ದರೆ ಇಲ್ಲಿಂದಲೇ ಶುರು ಮಾಡಿ. ದಕ್ಷಿಣದ ಪದಗಳನ್ನು ಬರೆದುಕೊಳ್ಳುವಾಗ ಪ್ರತಿ ಪದದ ಪಕ್ಕ ಯಾವ ಊರಿನವರ ಬಾಯಿಂದ ಕೇಳಿದ್ದು ಅಂತ ಗುರುತು ಹಾಕಿಕೊಳ್ಳಿ.